ಮುಂದಿನ ಹಲ್ಲಿನಲ್ಲಿ 4, ದವಡೆ ಹಲ್ಲಿನಲ್ಲಿ 6, ಎರಡೂ ಕಡೆ ರಕ್ತ: ಇದು ಇನ್ನೂ ವಸಡಿನ ಊತವೇ, ಮೂಳೆಯವರೆಗೆ ಇಳಿದಿದೆಯೇ?

ಚಂದ್ರಿಕಾ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಸುಮಾರು ಎಂಟು ತಿಂಗಳಿನಿಂದ ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ತೆಳು ಗುಲಾಬಿ ಬಣ್ಣ ಕಾಣಿಸುತ್ತಿದೆ. ನೋವಿಲ್ಲ, ಹಲ್ಲುಗಳು ಅಲುಗಾಡುತ್ತಿಲ್ಲ, ಜಗಿಯಲು ತೊಂದರೆಯಿಲ್ಲ. ಕನ್ನಡಿಯಲ್ಲಿ ಗಮನಿಸಿದಾಗ ಒಂದು ಬದಲಾವಣೆ ಮಾತ್ರ ಕಂಡಿತು. ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಮೊದಲು ಚೂಪಾಗಿ ಇಳಿದಿರುತ್ತಿದ್ದ ವಸಡಿನ ತುದಿ ಈಗ ಉಬ್ಬಿ ಗುಂಡಗಾಗಿದೆ. ತಿಳಿ ಗುಲಾಬಿ ಹೋಗಿ ಕೆಂಪಾಗಿ ಹೊಳೆಯುತ್ತಿದೆ.

ಕಳೆದ ವಾರ ದಂತವೈದ್ಯರ ಬಳಿ ಹೋಗಿದ್ದೆ. ಅವರು ತೆಳುವಾದ ಕಡ್ಡಿಯಂಥ ಉಪಕರಣವನ್ನು ಒಂದೊಂದು ಹಲ್ಲಿನ ಸುತ್ತ ಆರು ಕಡೆ ಮೆಲ್ಲನೆ ಇಳಿಸುತ್ತ, ಅದು ಎಷ್ಟು ಮಿಲಿಮೀಟರ್ ಇಳಿಯಿತೆಂದು ಅಂಕಿಗಳನ್ನು ಹೇಳಿದರು, ಸಹಾಯಕಿ ಬರೆದುಕೊಂಡರು. ಹೆಚ್ಚಿನ ಕಡೆ 2 ಮತ್ತು 3. ಆ ಮುಂದಿನ ಹಲ್ಲುಗಳ ನಡುವೆ 4. ಕೆಳಗಿನ ಬಲಭಾಗದ ಕೊನೆಯ ಎರಡು ದವಡೆ ಹಲ್ಲುಗಳ ನಡುವೆ 6. ಎರಡೂ ಕಡೆ ರಕ್ತ ಬಂದಿತು. ಮುಂದಿನದು ಸಾಮಾನ್ಯ ಕ್ಲೀನಿಂಗ್‌ನಿಂದಲೇ ಸರಿಹೋಗುತ್ತದೆ, ಹಿಂದಿನದಕ್ಕೆ ಎಕ್ಸ್‌ರೇ ತೆಗೆದು ಬೇರಿನವರೆಗೂ ಆಳವಾಗಿ ಸ್ವಚ್ಛಗೊಳಿಸಬೇಕು ಎಂದರು. ಹೊರಗೆ ಬಹಳ ಜನ ಕಾಯುತ್ತಿದ್ದುದರಿಂದ ಹೆಚ್ಚು ಕೇಳಲು ಆಗಲಿಲ್ಲ.

ಒಂದೇ ಬಾಯಿ, ಎರಡು ಕಡೆಯೂ ರಕ್ತ. ಹಾಗಿದ್ದರೂ ಒಂದು ಕಡೆ ವಾಪಸು ಬರುವ ಕಾಯಿಲೆ, ಇನ್ನೊಂದು ಕಡೆ ವಾಪಸು ಬಾರದ ಕಾಯಿಲೆ ಎಂದು ಹೇಗೆ ನಿರ್ಧರಿಸುತ್ತಾರೆ? ನನಗೆ ಕಂಡದ್ದು ಮುಂದಿನ ಹಲ್ಲಿನ ಊತ ಮಾತ್ರ. ಹಿಂದಿನದರ ಬಗ್ಗೆ ಯಾವ ಸೂಚನೆಯೂ ಸಿಕ್ಕಿರಲಿಲ್ಲ.

ಗೋಪಿನಾಥ

ಗಾಬರಿಯಾಗಬೇಡಿ, ಚಂದ್ರಿಕಾ ಅವರೇ. ನನಗೂ ಹೀಗೆಯೇ ಆಗಿತ್ತು. ಗಡಸು ಬ್ರಷ್ಷಿನಿಂದ ಒತ್ತಿ ಉಜ್ಜಿದರೆ ವಸಡು ಗಾಯವಾಗಿ ರಕ್ತ ಬರುತ್ತದೆ, ವಿಟಮಿನ್ ಸಿ ಕೊರತೆಯಿದ್ದರೂ ಬರುತ್ತದೆ. ರಕ್ತ ಬರುವ ಜಾಗವನ್ನು ಎರಡು ವಾರ ಬ್ರಷ್ ಮುಟ್ಟಿಸದೆ ಬಿಟ್ಟು, ಉಪ್ಪು ಹಾಕಿದ ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ. ನಿಜವಾದ ವಸಡಿನ ರೋಗವಾಗಿದ್ದರೆ ನೋವು ಇದ್ದೇ ಇರುತ್ತದೆ. ಆಳವಾದ ಕ್ಲೀನಿಂಗ್ ಮಾಡಿಸುವ ಮುನ್ನ ಮಾತ್ರ ಎರಡು ಸಲ ಯೋಚಿಸಿ. ಅದಾದ ಮೇಲೆ ಹಲ್ಲುಗಳ ನಡುವೆ ಸಂದಿ ಬಿದ್ದು ಸಡಿಲವಾದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ತುಂಬೆ

6 ಮಿಲಿಮೀಟರ್ ಎಂದರೆ ದೊಡ್ಡ ಹುಳುಕು. ಅಷ್ಟು ಆಳವಾದ ರಂಧ್ರವಾಗಿದ್ದರೆ ಬರೀ ಕ್ಲೀನಿಂಗ್ ಸಾಲುವುದಿಲ್ಲ, ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಬೇಕಾಗುತ್ತದೆ. ನನ್ನದು ಇದಕ್ಕಿಂತ ಕಡಿಮೆ ಆಳವಿದ್ದರೂ ನರದವರೆಗೆ ಹೋಗಿತ್ತು. ತಡಮಾಡಬೇಡಿ.

ಚಂದ್ರಿಕಾ

ತುಂಬೆ ಅವರೇ, ಇದು ಹಲ್ಲಿನಲ್ಲಿರುವ ರಂಧ್ರವಲ್ಲ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯೊಳಗೆ ಕಡ್ಡಿ ಎಷ್ಟು ಇಳಿಯಿತು ಎಂಬುದರ ಅಳತೆ. ಹುಳುಕು ಇಲ್ಲವೆಂದು ಅವರೇ ಹೇಳಿದ್ದಾರೆ. ಆ ಹಿಂದಿನ ಹಲ್ಲಿಗೆ ಏಳೆಂಟು ವರ್ಷಗಳ ಹಿಂದೆ ಫಿಲ್ಲಿಂಗ್ ಮಾಡಿಸಿದ್ದು ನಿಜ, ಆದರೆ ಅದು ಗಟ್ಟಿಯಾಗಿಯೇ ಇದೆಯಂತೆ.

ವಸಡುವೈದ್ಯೆ

ನಾನು ವಸಡಿನ ಚಿಕಿತ್ಸೆಯಲ್ಲೇ ಹತ್ತೊಂಬತ್ತು ವರ್ಷ ಕಳೆದವಳು. ನಿಮ್ಮ ಬಾಯಿಯನ್ನು ನೋಡದೆ ರೋಗನಿರ್ಣಯ ಮಾಡಲಾರೆ. ಆದರೆ ನಿಮ್ಮ ಚಾರ್ಟನ್ನು ಓದುವುದು ಹೇಗೆಂದು ಹೇಳಬಲ್ಲೆ.

ಮೊದಲು ಗೋಪಿನಾಥ ಅವರ ಮಾತು. ವಿಟಮಿನ್ ಸಿ ತೀವ್ರವಾಗಿ ಕಡಿಮೆಯಾದಾಗ ವಸಡಿನಿಂದ ರಕ್ತ ಬರುವುದು ನಿಜ, ಒರಟಾಗಿ ಉಜ್ಜಿದರೆ ಗೀರಾಗುವುದೂ ನಿಜ. ಆದರೆ ಬ್ರಷ್ಷಿನ ಗೀರು ಹಲ್ಲಿನ ಹೊರಮುಖದ ವಸಡಿನ ಮೇಲೆ ಕಾಣುತ್ತದೆ, ಮುಟ್ಟಿದರೆ ಉರಿಯುತ್ತದೆ, ಕೆಲವೇ ದಿನಗಳಲ್ಲಿ ಮಾಯುತ್ತದೆ. ಚಂದ್ರಿಕಾ ಅವರ ಊತವಿರುವುದು ಎರಡು ಹಲ್ಲುಗಳ ನಡುವಿನ ತುದಿಯಲ್ಲಿ, ಅಂದರೆ ಬ್ರಷ್ಷಿನ ಎಳೆಗಳು ಸರಿಯಾಗಿ ತಲುಪದ ಜಾಗದಲ್ಲಿ. ತಿಂಗಳುಗಟ್ಟಲೆ ನೋವಿಲ್ಲದೆ ಅಲ್ಲಿಂದ ರಕ್ತ ಬರುತ್ತಿದ್ದರೆ ಅದು ಉಜ್ಜಿದ್ದು ಹೆಚ್ಚಾಗಿ ಅಲ್ಲ, ಉಜ್ಜಿದ್ದು ಸಾಲದೆ. ಆ ಜಾಗಕ್ಕೆ ಬ್ರಷ್ ಮುಟ್ಟಿಸದಿರುವುದು ಬೆಂಕಿ ಆರಲೆಂದು ಇನ್ನಷ್ಟು ಸೌದೆ ಒಟ್ಟಿದಂತೆ. ಇನ್ನು ನೋವಿನ ವಿಷಯ: ಈ ಕಾಯಿಲೆ ಮೂಳೆಯನ್ನು ಅರ್ಧದಷ್ಟು ಕರಗಿಸುವವರೆಗೂ ಬಹುತೇಕ ಜನರಿಗೆ ನೋವು ಕೊಡುವುದಿಲ್ಲ. ನೋವಿಲ್ಲ ಎಂಬ ಕಾರಣಕ್ಕೇ ತಡವಾಗಿ ಬಂದವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಲ್ಲಿನ ಮೇಲ್ಭಾಗಕ್ಕೆ ಹೊಳಪಿನ ಗಟ್ಟಿ ಕವಚವಿದೆ. ಆ ಕವಚ ಮುಗಿದು ಬೇರು ಶುರುವಾಗುವ ಗೆರೆಯನ್ನು ನಾವು ಹಲ್ಲಿನ ಕತ್ತು ಎನ್ನೋಣ. ಆರೋಗ್ಯವಾಗಿರುವಾಗ ವಸಡು ಹಲ್ಲಿಗೆ ಭದ್ರವಾಗಿ ಅಂಟಿಕೊಳ್ಳುವುದು ಸುಮಾರಾಗಿ ಈ ಕತ್ತಿನ ಬಳಿಯಲ್ಲಿ. ಅದರಿಂದ ಮೇಲಕ್ಕೆ, ಅಂದರೆ ಬೇರಿನಿಂದ ದೂರಕ್ಕೆ, ಒಂದೆರಡು ಮಿಲಿಮೀಟರ್ ವಸಡು ಅಂಟದೆ, ಅಂಗಿಯ ಕಾಲರಿನಂತೆ ಹಲ್ಲಿಗೆ ಒತ್ತಿಕೊಂಡು ನಿಂತಿರುತ್ತದೆ. ನಿಮ್ಮ ವೈದ್ಯರ ಕಡ್ಡಿ, ಅಂದರೆ ಪ್ರೋಬ್, ಆ ಕಾಲರಿನೊಳಗೆ ಇಳಿದು ತಳದ ಅಂಟಿನಲ್ಲಿ ನಿಲ್ಲುತ್ತದೆ. ಹಾಗಾಗಿಯೇ 3ರವರೆಗಿನ ಅಂಕಿಯನ್ನು ನಾವು ಸಾಮಾನ್ಯವೆಂದು ಒಪ್ಪುತ್ತೇವೆ.

ಅಂಕಿ ಹೆಚ್ಚಾಗಲು ಎರಡು ದಾರಿಗಳಿವೆ. ಕಾಲರ್ ಊದಿಕೊಂಡು ಮೇಲಕ್ಕೆ ಬೆಳೆಯಬಹುದು. ಇಲ್ಲವೇ ತಳದ ಅಂಟು ಬಿಟ್ಟು ಕೆಳಕ್ಕೆ ಸರಿಯಬಹುದು. ಮೊದಲನೆಯದು ಜಿಂಜಿವೈಟಿಸ್, ಎರಡನೆಯದು ಪೆರಿಯೊಡಾಂಟೈಟಿಸ್. ಪ್ರೋಬಿನ ಅಂಕಿಯೊಂದೇ ಕೈಯಲ್ಲಿದ್ದರೆ ಇವೆರಡನ್ನು ಬೇರ್ಪಡಿಸಲಾಗದು. ವಸಡಿನ ಅಂಚು ಕತ್ತಿನ ಗೆರೆಗಿಂತ ಎಷ್ಟು ಮೇಲಿದೆ ಎಂಬುದನ್ನೂ ಅಳೆದು, ಅದನ್ನು ಆಳದಿಂದ ಕಳೆಯಬೇಕು. ಉಳಿದದ್ದು ನೀವು ನಿಜವಾಗಿ ಕಳೆದುಕೊಂಡ ಅಂಟು.

ನಿಮ್ಮ ಚಾರ್ಟಿನಲ್ಲಿ ಆಳದ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಅಂಕಿಗಳಿದ್ದರೆ ಅದು ಅಂಚಿನ ಅಳತೆ. ಅದನ್ನು ನೋಡಿ ಇಲ್ಲಿ ತಿಳಿಸುವಿರಾ?

ಚಂದ್ರಿಕಾ

ಹೌದು, ಮೇಡಂ, ಇದೆ. ಮುಂದಿನ ಹಲ್ಲುಗಳ ನಡುವೆ ಆಳ 4, ಅಂಚು ಕತ್ತಿಗಿಂತ 4 ಮೇಲೆ. ದವಡೆ ಹಲ್ಲಿನ ಬಳಿ ಆಳ 6, ಅಂಚು 2 ಮೇಲೆ. ಎಡಭಾಗದ ಕೋರೆಹಲ್ಲಿನ ಹೊರಮುಖದಲ್ಲಿ ಆಳ 2, ಆದರೆ ಅಂಚು ಕತ್ತಿಗಿಂತ 2 ಕೆಳಗೆ ಎಂದಿದೆ. ಅಲ್ಲಿ ರಕ್ತ ಬಂದಿಲ್ಲ. ಅದಕ್ಕೇ ಅದನ್ನು ಮೊದಲು ಬರೆದಿರಲಿಲ್ಲ.

ವಸಡುವೈದ್ಯೆ

ಆ ಮೂರನೆಯ ಹಲ್ಲನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು.

ಮುಂದಿನ ಹಲ್ಲಿನಲ್ಲಿ 4ರಿಂದ 4 ಕಳೆದರೆ ಸೊನ್ನೆ. ಅಂಟು ತನ್ನ ಜಾಗದಲ್ಲೇ ಇದೆ, ಮೇಲಿನ ಕಾಲರ್ ಮಾತ್ರ ಊದಿದೆ. ಇದನ್ನು ನಾವು ಸುಳ್ಳು ಪಾಕೆಟ್ ಎನ್ನುತ್ತೇವೆ. ಊತ ಇಳಿದ ಮೇಲೆ ಅಂಕಿ ತಾನಾಗಿಯೇ 2ಕ್ಕೋ 3ಕ್ಕೋ ಬರುತ್ತದೆ, ಯಾವ ಕುರುಹೂ ಉಳಿಯುವುದಿಲ್ಲ. ದವಡೆ ಹಲ್ಲಿನಲ್ಲಿ 6ರಿಂದ 2 ಕಳೆದರೆ 4. ಅಲ್ಲಿ ನಾಲ್ಕು ಮಿಲಿಮೀಟರಿನಷ್ಟು ಅಂಟು ಬೇರಿನಿಂದ ಬಿಟ್ಟುಹೋಗಿದೆ. ಅದರ ಹಿಂದೆಯೇ ಮೂಳೆಯೂ ಇಳಿದಿರಬೇಕು. ನಿಮ್ಮ ವೈದ್ಯರು ಅದೇ ಜಾಗಕ್ಕೆ ಎಕ್ಸ್‌ರೇ ಕೇಳಿದ್ದು ಆ ಕಾರಣಕ್ಕೇ.

ಕೋರೆಹಲ್ಲಿನಲ್ಲಿ ಅಂಚು ಕತ್ತಿಗಿಂತ ಕೆಳಗಿರುವುದರಿಂದ ಕಳೆಯುವ ಬದಲು ಕೂಡಬೇಕು: 2 ಮತ್ತು 2, ಒಟ್ಟು 4. ಆಳದ ಅಂಕಿ ಎಷ್ಟು ಚೆನ್ನಾಗಿ ಕಂಡರೂ ಅಲ್ಲಿ ಹೋಗಿರುವ ಅಂಟು ದವಡೆ ಹಲ್ಲಿನಷ್ಟೇ. ವ್ಯತ್ಯಾಸವೇನೆಂದರೆ, ಅಲ್ಲಿ ರಕ್ತವಿಲ್ಲ, ಪಾಕೆಟ್ ಇಲ್ಲ, ನಷ್ಟ ಹೊರಮುಖದಲ್ಲಿ ಮಾತ್ರ ಇದೆ. ಕೋರೆಹಲ್ಲು ಬಾಯಿಯ ಮೂಲೆಯಲ್ಲಿ ಉಬ್ಬಿ ನಿಲ್ಲುವುದರಿಂದ ಅಡ್ಡಡ್ಡ ಒತ್ತಿ ಉಜ್ಜುವವರಲ್ಲಿ ವಸಡು ಹೀಗೆ ಸವೆದು ಕೆಳಗಿಳಿಯುತ್ತದೆ. ಗೋಪಿನಾಥ ಅವರು ಹೇಳಿದ ಗಡಸು ಬ್ರಷ್ಷಿನ ಸಮಸ್ಯೆ ನಿಮ್ಮಲ್ಲಿ ಇಲ್ಲದಿಲ್ಲ. ಆದರೆ ಅದಿರುವುದು ರಕ್ತ ಬರುವ ಜಾಗದಲ್ಲಿ ಅಲ್ಲ, ರಕ್ತ ಬಾರದ ಈ ಹಲ್ಲಿನಲ್ಲಿ.

ಒಂದು ಎಚ್ಚರಿಕೆಯ ಮಾತು. ಊದಿದ ವಸಡಿನ ತಳ ಮೆತ್ತಗಿರುತ್ತದೆ. ಪ್ರೋಬನ್ನು ಸುಮಾರು 25 ಗ್ರಾಂ ತೂಕದಷ್ಟೇ ಒತ್ತಡದಲ್ಲಿ ಇಳಿಸಬೇಕು, ಅಂದರೆ ಉಗುರಿನ ಕೆಳಗಿನ ಚರ್ಮವನ್ನು ಒತ್ತಿದರೂ ನೋವಾಗದಷ್ಟು. ಅದಕ್ಕಿಂತ ಜೋರಾಗಿ ಒತ್ತಿದರೆ ಆರೋಗ್ಯವಾಗಿರುವ ವಸಡೂ ರಕ್ತ ಸುರಿಸುತ್ತದೆ, ಆಳವೂ ಒಂದು ಮಿಲಿಮೀಟರ್ ಹೆಚ್ಚು ಬರುತ್ತದೆ. ಆದ್ದರಿಂದ ಒಂದು ಮಿಲಿಮೀಟರಿನ ಏರುಪೇರನ್ನು ಹಿಡಿದುಕೊಂಡು ಸಂತೋಷಪಡುವುದೂ ಬೇಡ, ದುಃಖಪಡುವುದೂ ಬೇಡ.

ಬೂದಿಗಡ್ಡ

ಇದನ್ನು ಓದುತ್ತಿದ್ದಂತೆ ನನ್ನ ಕಥೆಯನ್ನು ಹೇಳಬೇಕೆನಿಸಿತು. ನನಗೆ 53. ಇಪ್ಪತ್ತೆಂಟು ವರ್ಷ ದಿನಕ್ಕೆ ಹನ್ನೆರಡು ಹದಿನೈದು ಸಿಗರೇಟು ಸೇದಿದವನು. ನನ್ನ ವಸಡಿನಿಂದ ಒಂದು ದಿನವೂ ರಕ್ತ ಬಂದದ್ದಿಲ್ಲ. ಮನೆಯವರಿಗೆ ಬ್ರಷ್ಷಿನಲ್ಲಿ ರಕ್ತ ಕಂಡಾಗ ನನ್ನ ವಸಡು ಕಲ್ಲಿನ ಹಾಗಿದೆ ಎಂದು ಹೇಳಿಕೊಂಡವನೂ ನಾನೇ. ಮೇಲಿನ ಮುಂದಿನ ಹಲ್ಲು ಸ್ವಲ್ಪ ಮುಂದಕ್ಕೆ ಚಾಚಿ, ಪಕ್ಕದ ಹಲ್ಲಿನೊಂದಿಗೆ ಸಂದಿ ಬಿದ್ದದ್ದನ್ನು ಫೋಟೋದಲ್ಲಿ ಕಂಡು ವೈದ್ಯರ ಬಳಿ ಹೋದೆ. ಏಳು ಕಡೆ 7, 8 ಎಂಬ ಅಂಕಿಗಳು. ಎರಡು ಹಲ್ಲುಗಳನ್ನು ಉಳಿಸಲಾಗಲಿಲ್ಲ.

ಸೇದುವುದನ್ನು ಬಿಟ್ಟ ನಂತರ ಆದದ್ದು ಇನ್ನೂ ವಿಚಿತ್ರ. ಬಿಟ್ಟ ಕೆಲವು ವಾರಗಳಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಬ್ರಷ್ಷಿನಲ್ಲಿ ರಕ್ತ ಕಂಡಿತು. ಬಿಟ್ಟದ್ದರಿಂದಲೇ ಹಾಳಾಯಿತೇನೋ ಎಂದುಕೊಂಡು ಮತ್ತೆ ಶುರುಮಾಡುವುದರಲ್ಲಿದ್ದೆ.

ವಸಡುವೈದ್ಯೆ

ಬೂದಿಗಡ್ಡ ಅವರೇ, ನೀವು ಮತ್ತೆ ಶುರುಮಾಡದಿದ್ದದ್ದು ನಿಮ್ಮ ಉಳಿದ ಹಲ್ಲುಗಳ ಪುಣ್ಯ. ಧೂಮಪಾನಿಗಳ ವಸಡಿನಲ್ಲಿ ಸಣ್ಣ ರಕ್ತನಾಳಗಳು ಉರಿಯೂತಕ್ಕೆ ಎಂದಿನಂತೆ ಹಿಗ್ಗಿ ಹೆಚ್ಚುವುದಿಲ್ಲ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ವಸಡು ಮಾಸಲಾಗಿ, ಗಟ್ಟಿಯಾಗಿ ಕಾಣುತ್ತದೆ. ಸೇದುವುದನ್ನು ನಿಲ್ಲಿಸಿದ ಮೇಲೆ ರಕ್ತಸಂಚಾರ ಸಹಜ ಸ್ಥಿತಿಗೆ ಮರಳುತ್ತದೆ, ಅಲ್ಲಿಯವರೆಗೆ ಮುಚ್ಚಿಹೋಗಿದ್ದ ಲಕ್ಷಣ ಹೊರಬರುತ್ತದೆ. ನಿಮಗೆ ಕಂಡದ್ದು ಹೊಸ ರೋಗವಲ್ಲ, ಹಳೆಯ ರೋಗದ ಧ್ವನಿ.

ಈ ಕಾರಣಕ್ಕಾಗಿಯೇ ಚಂದ್ರಿಕಾ ಅವರ ರಕ್ತವನ್ನು ನಾನು ಅಪಶಕುನವೆಂದು ನೋಡುವುದಿಲ್ಲ. ಅವರನ್ನು ವೈದ್ಯರ ಬಳಿಗೆ ಕರೆದೊಯ್ದದ್ದೇ ಆ ಗುಲಾಬಿ ನೊರೆ.

ಅಂಕಿಅಂಶ

ನಾನು ದಂತವೈದ್ಯಕೀಯದ ಕೊನೆಯ ವರ್ಷದ ವಿದ್ಯಾರ್ಥಿ. ಜಿಂಜಿವೈಟಿಸ್ ಬಂದರೆ ಅದು ಪೆರಿಯೊಡಾಂಟೈಟಿಸ್ ಆಗಿಯೇ ತೀರುತ್ತದೆ ಎಂಬ ಭಾವನೆ ಇಲ್ಲಿನ ಚರ್ಚೆಯಿಂದ ಮೂಡಬಾರದೆಂದು ಎರಡು ಹಳೆಯ ಅಧ್ಯಯನಗಳನ್ನು ನೆನಪಿಸುತ್ತೇನೆ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ವಸಡಿನ 12 ಜನರಿಗೆ ಹಲ್ಲು ಶುಚಿಗೊಳಿಸುವುದನ್ನು ಪೂರ್ತಿಯಾಗಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರಿಗೂ ವಸಡಿನ ಉರಿಯೂತ ಬಂತು. ಮತ್ತೆ ಹಲ್ಲುಜ್ಜಲು ಆರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರ ವಸಡೂ ಮೊದಲಿನಂತಾಯಿತು. ಅಂದರೆ ಮೊದಲ ಹಂತ ಎಲ್ಲರಿಗೂ ಬರುತ್ತದೆ, ಎಲ್ಲರಿಂದಲೂ ಹೋಗುತ್ತದೆ.

ಅದೇ ಲೋ ಅವರು ಶ್ರೀಲಂಕಾದ ಚಹಾ ತೋಟಗಳ 480 ಪುರುಷ ಕಾರ್ಮಿಕರನ್ನು 1970ರಿಂದ ಹದಿನೈದು ವರ್ಷ ಗಮನಿಸಿ 1986ರಲ್ಲಿ ವರದಿ ಪ್ರಕಟಿಸಿದರು. ಅವರಿಗೆ ಬ್ರಷ್ ಮಾಡುವ ರೂಢಿಯೂ ಇರಲಿಲ್ಲ, ದಂತಚಿಕಿತ್ಸೆಯೂ ದೊರೆತಿರಲಿಲ್ಲ. ಬಾಯಿಯ ತುಂಬ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾಗಳ ಪಾಚಿ, ಆ ಪಾಚಿ ಗಟ್ಟಿಯಾದ ಕಿಟ್ಟ, ಉರಿಯೂತ. ಹಾಗಿದ್ದರೂ ಶೇ. 8ರಷ್ಟು ಜನರಲ್ಲಿ ರೋಗ ವೇಗವಾಗಿ ಮುಂದುವರಿಯಿತು, ಶೇ. 81ರಲ್ಲಿ ಮಧ್ಯಮ ಗತಿಯಲ್ಲಿ ಸಾಗಿತು, ಶೇ. 11ರಲ್ಲಿ ಜಿಂಜಿವೈಟಿಸ್ ದಾಟಿ ಮುಂದೆ ಹೋಗಲೇ ಇಲ್ಲ. ಪಾಚಿಯೊಂದೇ ಕಾರಣವಾಗಿದ್ದರೆ ಈ ಶೇ. 11 ಜನರನ್ನು ಹೇಗೆ ವಿವರಿಸುವುದು?

ಗೋಪಿನಾಥ

ನಾನು ಹೇಳಿದ್ದೂ ಇದನ್ನೇ ಅಲ್ಲವೇ? ಎಲ್ಲರ ವಸಡಿನಿಂದಲೂ ಒಂದಲ್ಲ ಒಂದು ಕಾಲಕ್ಕೆ ರಕ್ತ ಬರುತ್ತದೆ, ಎಲ್ಲರ ಹಲ್ಲೂ ಬಿದ್ದುಹೋಗುವುದಿಲ್ಲ.

ವಸಡುವೈದ್ಯೆ

ಗೋಪಿನಾಥ ಅವರೇ, ಶೇ. 11ನ್ನು ಹಿಡಿದುಕೊಂಡು ಉಳಿದ ಶೇ. 89ನ್ನು ಬಿಟ್ಟುಬಿಟ್ಟಿರಿ.

ಅಂಕಿಅಂಶ ಅವರ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಪಾಚಿ ಇಲ್ಲದೆ ಈ ರೋಗ ಆರಂಭವಾಗುವುದಿಲ್ಲ, ಆದರೆ ಮೂಳೆಯನ್ನು ಕರಗಿಸುವುದು ಪಾಚಿಯ ಬ್ಯಾಕ್ಟೀರಿಯಾಗಳಲ್ಲ, ನಮ್ಮದೇ ಶರೀರ. ವಸಡಿನ ಅಂಚಿನಲ್ಲಿ ಪಾಚಿ ನಿಂತಾಗ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ನಾಳಗಳು ಹಿಗ್ಗುತ್ತವೆ, ವಸಡಿನ ಒಳಪದರ ತೆಳುವಾಗಿ ಅಲ್ಲಲ್ಲಿ ಹುಣ್ಣಾಗುತ್ತದೆ. ಎಳೆ ತಾಗಿದರೆ ಸಾಕು ರಕ್ತ ಬರುವುದು ಇದರಿಂದಲೇ. ಕೆಲವರಲ್ಲಿ ಈ ಹೋರಾಟ ವರ್ಷಗಟ್ಟಲೆ ಅಲ್ಲಿಯೇ ನಿಂತಿರಬಹುದು. ಉಳಿದವರಲ್ಲಿ ಅದು ಕೆಳಕ್ಕೆ ಇಳಿಯುತ್ತದೆ. ಉರಿಯೂತ ಮೂಳೆಗೆ ಹತ್ತಿರವಾದಂತೆ ಮೂಳೆಯನ್ನು ತಿನ್ನುವ ಜೀವಕೋಶಗಳಿಗೆ ಕರೆ ಹೋಗುತ್ತದೆ, ಮೂಳೆ ಹಿಂದೆ ಸರಿಯುತ್ತದೆ. ಸೋಂಕಿನಿಂದ ದೂರ ಉಳಿಯುವುದಕ್ಕಾಗಿ ಶರೀರ ತನ್ನ ಹಲ್ಲಿನ ನೆಲೆಯನ್ನೇ ಬಿಟ್ಟುಕೊಟ್ಟಂತೆ.

ಯಾರಲ್ಲಿ ಇಳಿಯುತ್ತದೆ ಎಂಬುದನ್ನು ಒಂದು ಭೇಟಿಯಲ್ಲಿ ಹೇಳುವ ಪರೀಕ್ಷೆ ನನ್ನ ಬಳಿ ಇಲ್ಲ. ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಚಿಕ್ಕ ವಯಸ್ಸಿಗೇ ಹಲ್ಲು ಕಳೆದುಕೊಂಡ ಹತ್ತಿರದ ಸಂಬಂಧಿಗಳು, ಇವು ಮೂರನ್ನು ನಾನು ಮೊದಲ ದಿನವೇ ಕೇಳುತ್ತೇನೆ. ಅದಾದ ಮೇಲೆ ಉಪಯೋಗಕ್ಕೆ ಬರುವುದು ರಕ್ತ ಬರುವ ಜಾಗವಲ್ಲ, ಬಾರದ ಜಾಗ. ಪ್ರೋಬ್ ಇಳಿಸಿದಾಗ ಭೇಟಿಯಿಂದ ಭೇಟಿಗೆ ರಕ್ತವೇ ಬಾರದ ಜಾಗ, ಸೇದದವರಲ್ಲಿ, ಬಹುಪಾಲು ಸುರಕ್ಷಿತ. ರಕ್ತ ಬರುವ ಜಾಗಗಳಲ್ಲಿ ಮುಂದೆ ಅಂಟು ಕಳೆದುಕೊಳ್ಳುವವು ಕೆಲವೇ. ಆದರೆ ಕಳೆದುಕೊಳ್ಳುವ ಜಾಗಗಳು ಇವುಗಳ ನಡುವೆಯೇ ಇರುತ್ತವೆ.

ಸಂಧ್ಯಾ_ಆರ್

ನಮಸ್ಕಾರ, ಮೇಡಂ. ನಮ್ಮ ಅತ್ತೆಯವರು ಹೃದಯದ ಚಿಕಿತ್ಸೆಯ ನಂತರ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅವರ ವಸಡಿನಿಂದಲೂ ರಕ್ತ ಬರುತ್ತದೆ. ಮಾತ್ರೆಯಿಂದ ಎಂದುಕೊಂಡು ಸುಮ್ಮನಿದ್ದೇವೆ. ಸ್ಕೇಲಿಂಗ್ ಮಾಡಿಸುವುದಾದರೆ ಎರಡು ದಿನ ಮಾತ್ರೆ ನಿಲ್ಲಿಸಬೇಕೇ?

ವಸಡುವೈದ್ಯೆ

ದಯವಿಟ್ಟು ನೀವಾಗಿ ಒಂದು ಹೊತ್ತಿನ ಮಾತ್ರೆಯನ್ನೂ ನಿಲ್ಲಿಸಬೇಡಿ. ಅದನ್ನು ನಿರ್ಧರಿಸಬೇಕಾದವರು ಮಾತ್ರೆ ಬರೆದುಕೊಟ್ಟ ವೈದ್ಯರು, ಹೆಚ್ಚಿನ ಸಂದರ್ಭಗಳಲ್ಲಿ ಸ್ಕೇಲಿಂಗ್‌ಗೆ ನಿಲ್ಲಿಸಬೇಕಾಗುವುದೂ ಇಲ್ಲ. ಮಾತ್ರೆಯು ಬರುವ ರಕ್ತವನ್ನು ಹೆಚ್ಚು ಹೊತ್ತು ಹರಿಯಿಸುತ್ತದೆ, ಆದರೆ ವಸಡಿನಲ್ಲಿ ಹುಣ್ಣಾಗಿರುವ ಜಾಗವನ್ನು ಮಾತ್ರೆ ಸೃಷ್ಟಿಸಿರುವುದು ಅಪರೂಪ. ಅವರ ವಸಡನ್ನು ಒಮ್ಮೆ ಅಳೆಸಿ. ಯಾರಿಗೇ ಆಗಲಿ, ಬ್ರಷ್ ಮುಟ್ಟದೆ ತಾನಾಗಿಯೇ ರಕ್ತ ಜಿನುಗುವುದು, ದಿಂಬಿನ ಮೇಲೆ ಕಲೆ ಕಾಣುವುದು, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೇಳುವುದು ಕಂಡರೆ ಅಂಥವರು ದಂತವೈದ್ಯರಿಗಿಂತ ಮೊದಲು ರಕ್ತಪರೀಕ್ಷೆ ಮಾಡಿಸಬೇಕು.

ಗೋಪಿನಾಥ

ಸ್ಕೇಲಿಂಗ್‌ನಿಂದ ಹಲ್ಲು ಸಡಿಲವಾಗುವ ವಿಷಯಕ್ಕೆ ಮಾತ್ರ ಉತ್ತರ ಬರಲಿಲ್ಲ. ನಮ್ಮ ಚಿಕ್ಕಪ್ಪನವರಿಗೆ ಕ್ಲೀನಿಂಗ್ ಮಾಡಿಸುವ ಮುನ್ನ ಕೆಳಗಿನ ಮುಂದಿನ ಹಲ್ಲುಗಳು ಗೋಡೆಯಂತೆ ನಿಂತಿದ್ದವು. ಮಾಡಿಸಿದ ಮರುದಿನವೇ ಅಲುಗಾಡತೊಡಗಿದವು, ನಾಲಿಗೆ ಹೋಗುವಷ್ಟು ಸಂದಿಗಳಾದವು. ಇದು ನಾನು ಕಣ್ಣಾರೆ ಕಂಡದ್ದು.

ವಸಡುವೈದ್ಯೆ

ನೀವು ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದರಿಂದ ಪಾಚಿ ಅಲ್ಲಿ ಬೇಗ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಆ ಕಿಟ್ಟ ನಾಲ್ಕೈದು ಹಲ್ಲುಗಳನ್ನು ಒಂದಾಗಿ ಹಿಡಿದ ಸಿಮೆಂಟಿನ ಪಟ್ಟಿಯಂತಾಗುತ್ತದೆ. ಅದರ ಕೆಳಗೆ ಮೂಳೆ ಆಗಲೇ ಹೋಗಿರುತ್ತದೆ, ಹಲ್ಲು ನಿಂತಿರುವುದು ಕಿಟ್ಟದ ಬಲದಲ್ಲಿ. ಪಟ್ಟಿಯನ್ನು ತೆಗೆದಾಗ ಅಲುಗಾಟ ಬಯಲಾಗುತ್ತದೆ. ಊದಿದ ವಸಡು ಇಳಿದು, ಅದು ತುಂಬಿಕೊಂಡಿದ್ದ ಸಂದಿಯೂ ಕಾಣುತ್ತದೆ. ಇದನ್ನು ಚಿಕಿತ್ಸೆಗೆ ಮೊದಲು ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಹೇಳದೆ ಮಾಡುವುದರಿಂದಲೇ ಈ ನಂಬಿಕೆ ಹುಟ್ಟಿಕೊಂಡಿದೆ. ಆ ಮಟ್ಟಿಗೆ ತಪ್ಪು ನಮ್ಮವರದ್ದೂ ಹೌದು.

ಗೋಪಿನಾಥ

ಹಾಗಿದ್ದರೂ, ಆ ಪಟ್ಟಿ ಇದ್ದಿದ್ದರೆ ಅವರ ಹಲ್ಲು ಇನ್ನೂ ನಾಲ್ಕು ವರ್ಷ ನಿಲ್ಲುತ್ತಿತ್ತೆಂದೇ ನನಗನಿಸುತ್ತದೆ. ವಾದ ಬೆಳೆಸುವುದಿಲ್ಲ.

ಚಂದ್ರಿಕಾ

ಹತ್ತು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ.

ಎಕ್ಸ್‌ರೇ ತೆಗೆಸಿದೆ. ಮುಂದಿನ ಹಲ್ಲುಗಳ ನಡುವೆ ಮೂಳೆಯ ಅಂಚು ಕತ್ತಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ, ಇರಬೇಕಾದ ಕಡೆಯಲ್ಲೇ ಇದೆ. ಹಿಂದಿನ ಎರಡು ದವಡೆ ಹಲ್ಲುಗಳ ನಡುವೆ ಮಾತ್ರ ಮೂಳೆ ಸುಮಾರು ಐದು ಮಿಲಿಮೀಟರ್ ಇಳಿದಿದೆ. ನಾನು ಗಟ್ಟಿಯಾಗಿದೆ ಎಂದಿದ್ದ ಹಳೆಯ ಫಿಲ್ಲಿಂಗ್ ಅದೇ ಬದಿಯಲ್ಲಿ ಹಲ್ಲಿನ ಗೋಡೆಯಿಂದ ಹೊರಕ್ಕೆ, ಸೂರಿನ ಅಂಚಿನಂತೆ ಚಾಚಿಕೊಂಡಿತ್ತು. ವೈದ್ಯರು ಆ ಅಂಚನ್ನು ಉಜ್ಜಿ ಸಮ ಮಾಡಿದರು. ನಂತರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿದ್ದ ಕಿಟ್ಟವನ್ನು ತೆಗೆದರು. ಅದು ಮುಂದಿನ ಹಲ್ಲಿನದರಂತೆ ಹಳದಿಯಾಗಿರಲಿಲ್ಲ, ಕಪ್ಪಾಗಿ ಗಟ್ಟಿಯಾಗಿತ್ತು. ಮೂರ್ನಾಲ್ಕು ವಾರ ಆ ಭಾಗಕ್ಕೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು, ಈಗ ಕಡಿಮೆಯಾಗಿದೆ.

ನಿನ್ನೆ ಮತ್ತೆ ಅಳೆದರು. ಮುಂದಿನ ಹಲ್ಲಿನಲ್ಲಿ ಆಳ 2, ಅಂಚು ಕತ್ತಿಗಿಂತ 2 ಮೇಲೆ, ರಕ್ತವಿಲ್ಲ. ವಸಡಿನ ತುದಿ ಮತ್ತೆ ಚೂಪಾಗಿದೆ. ದವಡೆ ಹಲ್ಲಿನಲ್ಲಿ ಆಳ 4, ಅಂಚು 1 ಮೇಲೆ. ಒಂದು ಬಿಂದುವಿನಲ್ಲಿ ಇನ್ನೂ ರಕ್ತ ಬಂದಿತು. ಈ ಲೆಕ್ಕವನ್ನು ಈಗ ನಾನೇ ಮಾಡಬಲ್ಲೆ: 4ರಿಂದ 1 ಕಳೆದರೆ 3. ಮೊದಲು 4 ಇತ್ತು. ಹಾಗಾದರೆ ಒಂದು ಮಿಲಿಮೀಟರ್ ಮೂಳೆ ಮತ್ತೆ ಬೆಳೆಯಿತೇ? ಇನ್ನೊಂದು ಪ್ರಶ್ನೆ, ಇಷ್ಟಕ್ಕೆಲ್ಲ ಆ ಫಿಲ್ಲಿಂಗೇ ಕಾರಣವೇ?

ವಸಡುವೈದ್ಯೆ

ಲೆಕ್ಕ ಸರಿಯಾಗಿದೆ, ಆದರೆ ಬೆಳೆದದ್ದು ಮೂಳೆಯಲ್ಲ. ಆಳ ಎರಡು ಮಿಲಿಮೀಟರ್ ಕಡಿಮೆಯಾದದ್ದರಲ್ಲಿ ಒಂದು ಭಾಗ ಊತ ಇಳಿದು ಅಂಚು ಕೆಳಗೆ ಬಂದದ್ದು. ಇನ್ನೊಂದು ಭಾಗ ತಳದ ಅಂಗಾಂಶ ಗಟ್ಟಿಯಾಗಿ ಸ್ವಚ್ಛವಾದ ಬೇರಿಗೆ ಮತ್ತೆ ಒತ್ತಿಕೊಂಡದ್ದು; ಮೊದಲು ಮೆತ್ತಗಿದ್ದ ಜಾಗವನ್ನು ಹಾಯ್ದುಹೋಗುತ್ತಿದ್ದ ಪ್ರೋಬ್ ಈಗ ಮೇಲೆಯೇ ನಿಲ್ಲುತ್ತಿದೆ. ಮುಂದಿನ ವರ್ಷದ ಎಕ್ಸ್‌ರೇಯಲ್ಲೂ ಮೂಳೆ ಬಹುಶಃ ಅದೇ ಐದು ಮಿಲಿಮೀಟರ್ ಕೆಳಗೇ ಕಾಣುತ್ತದೆ. ಇನ್ನೂ ಇಳಿಯದಿದ್ದರೆ ಅದೇ ಗೆಲುವು.

ಫಿಲ್ಲಿಂಗಿನ ಬಗ್ಗೆ ಖಂಡಿತವಾಗಿ ಹೇಳಲಾರೆ. ಚಾಚಿದ ಅಂಚಿನ ಕೆಳಗೆ ಯಾವ ಎಳೆಯೂ ಹೋಗದು, ಪಾಚಿ ಅಲ್ಲಿ ಭದ್ರವಾಗಿ ಕೂರುತ್ತದೆ. ಹಾಗಾಗಿ ಅನುಮಾನ ಬಲವಾದದ್ದೇ.

ಅಂಕಿಅಂಶ

ಅದೇ ಬದಿಯಲ್ಲಿ ಫಿಲ್ಲಿಂಗ್ ಬೇಕಾಯಿತೆಂದರೆ ಅಲ್ಲಿ ಮೊದಲಿನಿಂದಲೂ ಶುಚಿ ಸಾಲುತ್ತಿರಲಿಲ್ಲ ಎಂದೂ ವಾದಿಸಬಹುದಲ್ಲವೇ, ಮೇಡಂ? ಹುಳುಕೂ ವಸಡಿನ ರೋಗವೂ ಒಂದೇ ಮೂಲದಿಂದ ಬಂದಿರಬಹುದು. ಹಳೆಯ ಎಕ್ಸ್‌ರೇ ಇದ್ದಿದ್ದರೆ ಯಾವುದು ಮೊದಲೆಂದು ಗೊತ್ತಾಗುತ್ತಿತ್ತು.

ವಸಡುವೈದ್ಯೆ

ವಾದಿಸಬಹುದು. ಹಳೆಯ ಎಕ್ಸ್‌ರೇ ಇಲ್ಲದೆ ನಾನು ತೀರ್ಪು ಕೊಡುವುದಿಲ್ಲ.

ಚಂದ್ರಿಕಾ ಅವರೇ, ಇನ್ನೂ ರಕ್ತ ಬರುವ ಆ ಒಂದು ಬಿಂದುವಿಗೆ ಮಾಡಬೇಕಾದದ್ದು ಇಷ್ಟು. ಸಾಮಾನ್ಯ ಬ್ರಷ್ ಅಲ್ಲಿಗೆ ಎಂದಿಗೂ ತಲುಪದು. ಹಲ್ಲುಗಳ ನಡುವೆ ತೂರಿಸುವ ಪುಟ್ಟ ಬ್ರಷ್ ಬೇಕು, ಅದರ ಗಾತ್ರವನ್ನು ನಿಮ್ಮ ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳಿ. ಎಳೆಗಳು ಎರಡೂ ಹಲ್ಲಿಗೆ ತಾಗುವಷ್ಟು ಬಿಗಿಯಿರಬೇಕು, ತಂತಿ ಹಲ್ಲಿಗೆ ಉಜ್ಜಬಾರದು, ಬಲವಂತದಿಂದ ತಳ್ಳಬಾರದು. ರಾತ್ರಿ ಒಂದು ಸಲ, ಒಳಗೆ ಹೊರಗೆ ನಾಲ್ಕೈದು ಬಾರಿ ಆಡಿಸಿದರೆ ಸಾಕು. ಮೊದಲ ವಾರ ರಕ್ತ ಬಂದರೂ ನಿಲ್ಲಿಸಬೇಡಿ. ಕೋರೆಹಲ್ಲಿನ ಕಡೆ ಮಾತ್ರ ಮೃದು ಬ್ರಷ್ಷನ್ನು ಒತ್ತದೆ ಆಡಿಸಿ.

ಮೂರು ತಿಂಗಳ ನಂತರ ಮತ್ತೆ ಅಳೆಸಿ. ಆ ಬಿಂದು ಅಷ್ಟರಲ್ಲಿ ಒಣಗಿದ್ದರೆ 4 ಎಂಬ ಅಂಕಿಯನ್ನು ನಾನು ಹಾಗೆಯೇ ಬಿಡುತ್ತೇನೆ. 5ಕ್ಕೆ ಏರಿ ರಕ್ತವೂ ಬರುತ್ತಿದ್ದರೆ ಬೇರಿನ ಆ ಭಾಗವನ್ನು ಇನ್ನೊಮ್ಮೆ ಸ್ವಚ್ಛಗೊಳಿಸಬೇಕಾಗುತ್ತದೆ. ವಸಡನ್ನು ಬಿಡಿಸಿ ನೋಡುವ ಶಸ್ತ್ರಚಿಕಿತ್ಸೆಯ ಮಾತು ಬರುವುದು ಅದರ ನಂತರವೇ.

ಬೂದಿಗಡ್ಡ

ಆ ಪುಟ್ಟ ಬ್ರಷ್ಷನ್ನು ಮೂಸಿ ನೋಡುವುದೂ ಒಂದು ಪರೀಕ್ಷೆ, ಚಂದ್ರಿಕಾ ಅವರೇ. ನನ್ನ ಎಡಭಾಗದ ದವಡೆಯ ನಡುವಿನಿಂದ ತೆಗೆದ ಬ್ರಷ್ ಮೊದಲ ತಿಂಗಳು ಸಹಿಸಲಾರದಷ್ಟು ನಾತ ಹೊಡೆಯುತ್ತಿತ್ತು. ಈಗ ಇಲ್ಲ. ಅದು ಮತ್ತೆ ಶುರುವಾದ ದಿನ ನಾನು ಅಪಾಯಿಂಟ್‌ಮೆಂಟಿನ ತಾರೀಕಿಗೆ ಕಾಯುವುದಿಲ್ಲ.